ಕೋಷ್ಟಕದ ಒಂದು ಕಂಬ: 'ಮೂರ್ಧನ್ಯ'ದಿಂದ 'ರೆಟ್ರೋಫ್ಲೆಕ್ಸ್'ಗೆ

ಧ್ವನಿವಿಜ್ಞಾನದ ಪಾಠದಲ್ಲಿ ಅಂತರರಾಷ್ಟ್ರೀಯ ಧ್ವನಿಲಿಪಿಯ ವ್ಯಂಜನ ಕೋಷ್ಟಕವನ್ನು ತೆರೆಯ ಮೇಲೆ ತೋರಿಸುವಾಗ ನಾವು ಸಾಮಾನ್ಯವಾಗಿ ಹೇಳುವುದು ಇಷ್ಟು: ಮೇಲಿನಿಂದ ಕೆಳಕ್ಕಿಳಿಯುವ ಕಂಬಗಳು ಉಚ್ಚಾರಣೆಯ ಸ್ಥಾನವನ್ನೂ ಅಡ್ಡಸಾಲುಗಳು ಉಚ್ಚಾರಣೆಯ ವಿಧಾನವನ್ನೂ ಸೂಚಿಸುತ್ತವೆ; ಒಂದೇ ಮನೆಯಲ್ಲಿ ಎರಡು ಚಿಹ್ನೆಗಳಿದ್ದರೆ ಎಡಗಡೆಯದು ಅಘೋಷ, ಬಲಗಡೆಯದು ಘೋಷ. ಈ ವಿವರಣೆ ಬಹುಪಾಲು ಸರಿ. ಆದರೆ ಒಂದು ಕಂಬದ ಮಟ್ಟಿಗೆ ಅದು ನಿಲ್ಲುವುದಿಲ್ಲ. ಆ ಕಂಬವೇ ಕನ್ನಡದ ಟ, ಡ, ಣ, ಳಗಳಿರುವ ಕಂಬ.

ಉಭಯೋಷ್ಠ್ಯ, ದಂತ್ಯ, ತಾಲವ್ಯ ಎಂಬ ಶೀರ್ಷಿಕೆಗಳು ಬಾಯಿಯೊಳಗಿನ ಒಂದೊಂದು ಸ್ಥಳದ ಹೆಸರುಗಳು. 'ರೆಟ್ರೋಫ್ಲೆಕ್ಸ್' ಸ್ಥಳದ ಹೆಸರಲ್ಲ. ಹಿಂದಕ್ಕೆ ಬಾಗಿದ್ದು ಎಂದು ಅದರ ಅರ್ಥ. ನಾಲಗೆ ಎಲ್ಲಿ ತಾಗಿತೆಂಬುದನ್ನು ಅದು ತಿಳಿಸುವುದಿಲ್ಲ, ಯಾವ ಆಕಾರದಲ್ಲಿ ತಾಗಿತೆಂಬುದನ್ನು ತಿಳಿಸುತ್ತದೆ. ಸ್ಥಾನಗಳ ಸಾಲಿಗೆ ಹೀಗೊಂದು ಚಲನೆಯ ಹೆಸರು ಹೇಗೆ ಬಂದಿತು?

ಪ್ರಾತಿಶಾಖ್ಯಕಾರರಲ್ಲಿ ಈ ಗೊಂದಲವಿರಲಿಲ್ಲ. ತೈತ್ತಿರೀಯ ಪ್ರಾತಿಶಾಖ್ಯವು ತಾಗಿಸಿಕೊಳ್ಳುವ ಎಡೆಯನ್ನು ಸ್ಥಾನವೆಂದೂ ತಾಗುವ ಅಂಗವನ್ನು ಕರಣವೆಂದೂ ಬೇರ್ಪಡಿಸುತ್ತದೆ. ಟವರ್ಗಕ್ಕೆ ಅದು ಎರಡನ್ನೂ ಹೇಳುತ್ತದೆ: ಸ್ಥಾನ ಮೂರ್ಧ, ಕರಣ ಹಿಂದಕ್ಕೆ ಸುತ್ತಿದ ನಾಲಗೆಯ ತುದಿ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಸಂಸ್ಕೃತಜ್ಞರಿಗೆ ಈ ವರ್ಗ ಪರಿಚಯವಾದಾಗ ಬಳಕೆಗೆ ಬಂದ ಹೆಸರು 'ಸೆರೆಬ್ರಲ್'. ಮೂರ್ಧವೆಂದರೆ ತಲೆ ಎಂಬ ಅರ್ಥವನ್ನು ಹಿಡಿದು ಮಾಡಿದ ಅನುವಾದವಿದು. ಮಿದುಳಿನಲ್ಲಿ ಹುಟ್ಟುವ ವ್ಯಂಜನವೆಂಬ ಕಲ್ಪನೆ ಯಾರನ್ನಾದರೂ ನಗಿಸೀತು. ಆದರೂ ಆ ಹೆಸರು ತಪ್ಪಾಗಿಯಾದರೂ ಸ್ಥಾನವನ್ನೇ ಹೇಳುತ್ತಿತ್ತು. ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘದ 1932ರ ಕೋಷ್ಟಕದಲ್ಲಿ 'ರೆಟ್ರೋಫ್ಲೆಕ್ಸ್' ಪ್ರತ್ಯೇಕ ಕಂಬವಾಗಿ ಕಾಣುತ್ತದೆ. ಅಲ್ಲಿಗೆ ಪ್ರಾತಿಶಾಖ್ಯದ ಕರಣವು ಸ್ಥಾನದ ಪೀಠವೇರಿದಂತಾಯಿತು. (ಸಂಘದ 1904ರ ಕೋಷ್ಟಕ ನಮ್ಮ ವರ್ಣಮಾಲೆಯಂತೆ ಗಂಟಲಿನಿಂದ ತುಟಿಯ ಕಡೆಗೆ ಸಾಗುತ್ತಿತ್ತು, 1912ರ ಹೊತ್ತಿಗೆ ದಿಕ್ಕು ತಿರುಗಿತ್ತು. ಕವರ್ಗದಿಂದ ಎಣಿಸಿ ಬೆಳೆದ ವಿದ್ಯಾರ್ಥಿ ಇಂದಿನ ಕೋಷ್ಟಕವನ್ನು ಬಲದಿಂದ ಎಡಕ್ಕೆ ಓದತೊಡಗಿದರೆ ಅವನನ್ನು ನಾವು ದೂರಲಾರೆವು.)

ಕನ್ನಡದಲ್ಲಿ ಚಿತ್ರಪಟ ಸಿದ್ಧಪಡಿಸುವವರು ಈ ಕಂಬದ ತಲೆಗೆ 'ಮೂರ್ಧನ್ಯ' ಎಂದು ಬರೆದು ಮುಂದೆ ಸಾಗುತ್ತಾರೆ. ಅನುವಾದ ಎಷ್ಟು ಸಲೀಸೆಂದರೆ ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ತೊಡಕು ನಿಜವಾದದ್ದು. ಪೀಟರ್ ಲ್ಯಾಡಫೋಗೆಡ್ ಮತ್ತು ಪೇರಿ ಭಾಸ್ಕರರಾವ್ 1983ರಲ್ಲಿ ಪ್ರಕಟಿಸಿದ ಅಧ್ಯಯನವು ಹಿಂದಿಯ ಟಕಾರದಲ್ಲಿ ನಾಲಗೆ ಅಷ್ಟಾಗಿ ಹಿಂದಕ್ಕೆ ಹೋಗುವುದಿಲ್ಲವೆಂದೂ ತಮಿಳು, ತೆಲುಗುಗಳಲ್ಲಿ ತುದಿ ಮತ್ತಷ್ಟು ಸುರುಳಿಗೊಂಡು ಅದರ ಕೆಳಮೈ ಗಟ್ಟಿ ಅಂಗುಳನ್ನು ತಾಗುತ್ತದೆಂದೂ ತೋರಿಸಿತು. ಒಂದೇ ಮನೆ, ಒಂದೇ ಚಿಹ್ನೆ, ತಾಗುವ ಎಡೆ ಮಾತ್ರ ಬೇರೆ. 'ಮೂರ್ಧನ್ಯ'ವನ್ನು ಸ್ಥಾನವೆಂದೇ ನಂಬಿದ ಸಂಶೋಧಕ ಈ ಅಂತರವನ್ನು ಹುಡುಕಲು ಹೊರಡುವುದೇ ಇಲ್ಲ.

ಕನ್ನಡದ ಮಾತುಗಾರರಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಇದ್ದಲಿನ ನುಣ್ಣನೆಯ ಪುಡಿಯನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ನಾಲಗೆಗೆ ಬಳಿದು, ಪದವನ್ನು ಒಂದೇ ಸಲ ಹೇಳಿಸಿ, ಅಂಗುಳಿನ ಮೇಲೆ ಉಳಿದ ಗುರುತನ್ನು ಕನ್ನಡಿಯ ನೆರವಿನಿಂದ ಚಿತ್ರೀಕರಿಸಬೇಕು. 'ಆಟ', 'ಆಳ' ಇದಕ್ಕೆ ತಕ್ಕ ಪದಗಳು, ಏಕೆಂದರೆ ಅವುಗಳಲ್ಲಿ ನಾಲಗೆ ಅಂಗುಳನ್ನು ತಾಗುವ ವ್ಯಂಜನ ಒಂದೇ ಒಂದು. 'ಇಟ್ಟ' ತಕ್ಕದ್ದಲ್ಲ, ಇಕಾರದಲ್ಲಿ ನಾಲಗೆಯ ಅಂಚುಗಳು ಅಂಗುಳಿನ ಬದಿಗಳಿಗೆ ತಾಗಿ ಚಿತ್ರವನ್ನು ಕೆಡಿಸುತ್ತವೆ. ಸಾಮಾನ್ಯವಾಗಿ ನಡೆಯುವ ತಪ್ಪು ಬೇರೊಂದಿದೆ. ನಾಲಗೆಯ ಮೇಲ್ಮೈಗೆ ಮಾತ್ರ ಬಣ್ಣ ಬಳಿದರೆ, ಕೆಳಮೈ ತಾಗಿಸಿ ನುಡಿಯುವವರ ಅಂಗುಳಿನಲ್ಲಿ ಗುರುತು ತೀರ ತೆಳುವಾಗಿ ಬೀಳುತ್ತದೆ ಅಥವಾ ಬೀಳುವುದೇ ಇಲ್ಲ. ವಿದ್ಯಾರ್ಥಿ ಅದನ್ನು ದುರ್ಬಲ ಸ್ಪರ್ಶವೆಂದು ಬರೆದುಕೊಳ್ಳುತ್ತಾನೆ. ಅಂಥ ಚಿತ್ರ ಬಂದರೆ ತುದಿಯ ಅಡಿಗೂ ಬಣ್ಣ ಬಳಿದು ಮತ್ತೆ ಹೇಳಿಸಬೇಕು. ಆಗ ಗುರುತು ದಟ್ಟವಾದರೆ ತಾಗಿದ್ದು ಕೆಳಮೈ ಎಂದು ತಿಳಿಯುತ್ತದೆ.

ವಿಧಾನವನ್ನು ಹೇಳುವ ಅಡ್ಡಸಾಲುಗಳಿಗೆ ಬಂದರೆ ಕೋಷ್ಟಕದ ಉಪಕಾರ ದೊಡ್ಡದು. ವರ್ಣಮಾಲೆಯಲ್ಲಿ ಣಕಾರ ಟವರ್ಗದ ಕೊನೆಯಲ್ಲಿದ್ದರೆ ಳಕಾರ ಅವರ್ಗೀಯಗಳ ತುತ್ತತುದಿಯಲ್ಲಿದೆ. ಎರಡಕ್ಕೂ ಇರುವ ನಂಟು ಅಲ್ಲಿ ಕಾಣದು. ಕೋಷ್ಟಕದಲ್ಲಿ ಟ ಸ್ಪರ್ಶಗಳ ಸಾಲಿನಲ್ಲಿ, ಣ ಅನುನಾಸಿಕಗಳಲ್ಲಿ, ಳ ಪಾರ್ಶ್ವಿಕಗಳಲ್ಲಿ ನಿಂತರೂ ಮೂರೂ ಒಂದೇ ಕಂಬದಲ್ಲಿವೆ. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಳಕಾರದಿಂದ ಬೇರ್ಪಡಿಸಿ ಹೇಳುವ ಹಳಗನ್ನಡದ ೞಕಾರವೂ, ತಮಿಳಿನ ಇಂದಿನ ಉಚ್ಚಾರಣೆಯನ್ನು ಆಧಾರವಾಗಿಟ್ಟುಕೊಂಡರೆ, ಇದೇ ಕಂಬದಲ್ಲಿ ಪಾರ್ಶ್ವಿಕವಲ್ಲದ ಸಾಲಿಗೆ ಸೇರುತ್ತದೆ. ೞ ಕನ್ನಡದಲ್ಲಿ ಳ ಆದದ್ದು ಕಂಬ ಬಿಡದೆ ಸಾಲು ಬದಲಿಸಿದ ಒಂದು ಪಲ್ಲಟವೆಂದು ಚಿತ್ರಪಟದ ಮೇಲೆ ಬೆರಳಿಟ್ಟು ತೋರಿಸಬಹುದು.

ನಾವು ಈಗ ಬಳಸುವ ಚಿತ್ರಪಟದಲ್ಲಿ ಆ ಕಂಬದ ತಲೆಗೆ ಎರಡು ಗೆರೆಗಳಿವೆ. ಮೇಲಿನದರಲ್ಲಿ 'ಕರಣ: ಸುತ್ತಿದ ನಾಲಗೆ' ಎಂದಿದೆ. ಕೆಳಗಿನದರಲ್ಲಿ 'ಸ್ಥಾನ' ಎಂದು ಬರೆದು ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಅಂಗುಳಿನ ಚಿತ್ರ ಬಂದ ಮೇಲೆ ಒಂದೊಂದು ಭಾಷೆಗೂ ಅದನ್ನು ಬೇರೆಯಾಗಿ ತುಂಬುತ್ತೇವೆ.