ಮೂರನೆಯ ಭಾಷೆಯ ಹಾದಿ: ಮಂಗಳೂರಿನ ನಿಘಂಟುಗಳು ಮತ್ತು ‘ನಾವು’ ಎಂಬ ಪದ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾಸೆಲ್ ಮಿಷನ್ನಿನ ಮಂಗಳೂರು ಕೇಂದ್ರದಿಂದ ಮೂರು ದೊಡ್ಡ ನಿಘಂಟುಗಳು ಪ್ರಕಟವಾದವು: 1872ರಲ್ಲಿ ಹರ್ಮನ್ ಗುಂಡರ್ಟರ ಮಲಯಾಳ ನಿಘಂಟು, 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಫರ್ಡಿನಂಡ್ ಕಿಟ್ಟೆಲರ ಕನ್ನಡ ನಿಘಂಟು. ಗುಂಡರ್ಟರ ಮತ್ತು ಕಿಟ್ಟೆಲರ ಮಾತೃಭಾಷೆ ಜರ್ಮನ್. ಆದರೂ ಮೂರೂ ನಿಘಂಟುಗಳು ಪದಗಳ ಅರ್ಥವನ್ನು ಕೊಟ್ಟದ್ದು ಆಡಳಿತದ ಭಾಷೆಯಾಗಿದ್ದ ಇಂಗ್ಲಿಷಿನಲ್ಲಿ. ಒಂದೇ ಊರಿನಿಂದ ಹೊರಟ ಈ ಗ್ರಂಥಗಳಲ್ಲಿ ಒಂದರಿಂದ ಇನ್ನೊಂದಕ್ಕೆ ನೇರ ಹಾದಿ ಇರಲಿಲ್ಲ.

ಕಾಸರಗೋಡಿನ ಕಡೆ ತುಳುವೂ ಮಲಯಾಳವೂ ಅಕ್ಕಪಕ್ಕದ ಮನೆಗಳ ಮಾತು. ಆದರೆ ಈ ನಿಘಂಟುಗಳನ್ನೇ ನಂಬಿ ತುಳು ಬರಹವೊಂದನ್ನು ಮಲಯಾಳಕ್ಕೆ ತರಬೇಕಾದವನು ಮೊದಲು ಮ್ಯಾನರರ ನಿಘಂಟಿನಲ್ಲಿ ತುಳು ಪದಕ್ಕೆ ಇಂಗ್ಲಿಷ್ ಅರ್ಥವನ್ನು ಹುಡುಕಬೇಕಿತ್ತು. ಬಳಿಕ ಆ ಇಂಗ್ಲಿಷ್ ಪದವನ್ನು ಬೆಂಜಮಿನ್ ಬೈಲಿಯವರ 1849ರ ಇಂಗ್ಲಿಷ್–ಮಲಯಾಳ ನಿಘಂಟಿನಂಥದರಲ್ಲಿ ಮತ್ತೆ ನೋಡಬೇಕಿತ್ತು. ಈ ಎರಡು ಹೆಜ್ಜೆಗಳ ನಡುವೆ ಏನಾಗುತ್ತದೆ ಎಂಬುದನ್ನು ಒಂದೇ ಪದದ ಮೂಲಕ ಪರಿಶೀಲಿಸೋಣ.

ತುಳುವಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುವವನನ್ನೂ ಸೇರಿಸಿಕೊಂಡರೆ ‘ನಮ’. ಅವನನ್ನು ಬಿಟ್ಟು ಹೇಳಿದರೆ ‘ಎಂಕುಳು’. ಮಲಯಾಳದಲ್ಲಿಯೂ ಇದೇ ಭೇದವಿದೆ: ‘ನಮ್ಮಳ್’ ಮತ್ತು ‘ಞಙ್ಙಳ್’. ಇಂಗ್ಲಿಷಿನಲ್ಲಿ ಈ ಎರಡಕ್ಕೂ ‘ವಿ’ ಒಂದೇ. ಆರಂಭದ ಭಾಷೆಯಲ್ಲಿಯೂ ಗುರಿಯ ಭಾಷೆಯಲ್ಲಿಯೂ ಇರುವ ಭೇದವು ನಡುವಿನ ಭಾಷೆಯಲ್ಲಿ ಮಾತ್ರ ಇಲ್ಲ.

ಮಾರ್ಕನ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಬಿರುಗಾಳಿಗೆ ಸಿಕ್ಕ ಶಿಷ್ಯರು, ದೋಣಿಯಲ್ಲಿ ನಿದ್ರಿಸುತ್ತಿದ್ದ ಯೇಸುವನ್ನು ಎಬ್ಬಿಸಿ, ತಾವು ನಾಶವಾಗುತ್ತಿರುವುದನ್ನು ಹೇಳುತ್ತಾರೆ. ಆ ‘ನಾವು’ ಎಂಬುದರಲ್ಲಿ ಯೇಸುವೂ ಸೇರಿದ್ದಾರೆಯೇ? ಮೂಲ ಗ್ರೀಕ್ ಭಾಷೆ ಈ ಭೇದವನ್ನು ಮಾಡುವುದಿಲ್ಲ. ಆದ್ದರಿಂದ ತುಳುವಿನಲ್ಲಿ ಬರೆಯುವವನು ತಾನೇ ನಿರ್ಧರಿಸಬೇಕು. ಪ್ರಬೋಧಕನೊಬ್ಬನು ‘ನಮ’ ಎಂಬುದನ್ನು ಆರಿಸಿ, ‘ಶಿಷ್ಯರು ಪ್ರಭುವನ್ನೂ ತಮ್ಮೊಂದಿಗೆ ಎಣಿಸಿಕೊಂಡರು, ಅವರ ಅಪಾಯವೇ ಅವನ ಅಪಾಯವಾಗಿತ್ತು’ ಎಂದು ವ್ಯಾಖ್ಯಾನಿಸಿದನೆಂದು ಭಾವಿಸೋಣ. ಇಂಗ್ಲಿಷಿಗೆ ಬಂದಾಗ ‘ನಮ’ ಎಂಬುದು ‘ವಿ’ ಆಗುತ್ತದೆ. ತುಳು ತಿಳಿಯದ ಮಲಯಾಳ ಅನುವಾದಕನು, ಗುರುವಿನ ಮುಂದೆ ಶಿಷ್ಯರು ತಮ್ಮ ಕಷ್ಟವನ್ನು ತೋಡಿಕೊಳ್ಳುತ್ತಿದ್ದಾರೆಂದು ತಿಳಿದು, ‘ಞಙ್ಙಳ್’ ಎಂದು ಬರೆಯುತ್ತಾನೆ. ಈಗ ಶಿಷ್ಯರ ಮಾತು ಪ್ರಭುವನ್ನು ಹೊರಗಿಡುತ್ತದೆ. ಅದರ ಬೆನ್ನಿಗೇ ಬರುವ ವ್ಯಾಖ್ಯಾನವು ಅವನನ್ನು ಒಳಗೆ ಸೇರಿಸುತ್ತದೆ. ವಾದಕ್ಕೆ ಆಧಾರವೇ ಇಲ್ಲದಂತಾಗುತ್ತದೆ.

ಇಲ್ಲಿ ನಡೆದದ್ದು ಕೇವಲ ನಷ್ಟವಲ್ಲವೆಂಬುದನ್ನು ನಾವು ಗಮನಿಸಬೇಕು. ಅರ್ಥವು ಇಂಗ್ಲಿಷಿನಲ್ಲಿ ಅಸ್ಪಷ್ಟವಾಯಿತು, ಅಷ್ಟೆ, ತಪ್ಪಾಗಲಿಲ್ಲ. ಮಲಯಾಳವು ಅಸ್ಪಷ್ಟವಾಗಿ ಉಳಿಯಲು ಬಿಡದ ಕಾರಣ, ಪ್ರಬೋಧಕನು ಹೇಳದಿದ್ದ, ಅವನ ಮಾತಿಗೆ ವಿರುದ್ಧವಾದ ಅರ್ಥವೊಂದು ಹೊಸದಾಗಿ ಸೇರಿಕೊಂಡಿತು. ಮಲಯಾಳ ಓದುಗನಿಗೆ ಅದು ಊಹೆಯೆಂದು ತೋರುವುದಿಲ್ಲ. ಮೂಲದ ಮಾತೆಂದೇ ತೋರುತ್ತದೆ. ಪ್ರಾರ್ಥನೆಯಲ್ಲಿ ತಪ್ಪು ಇನ್ನೂ ತೀವ್ರವಾದೀತು. ದೇವರಿಗೆ ಪಾಪನಿವೇದನೆ ಮಾಡುವಾಗ ‘ನಮ್ಮಳ್’ ಎಂದರೆ ದೇವರನ್ನೂ ಪಾಪಿಗಳೊಡನೆ ಎಣಿಸಿದಂತಾಗುತ್ತದೆ.

ಹಾಗೆಂದು ದೋಷವೆಲ್ಲ ಇಂಗ್ಲಿಷಿನದೆನ್ನುವುದು ನ್ಯಾಯವಲ್ಲ. ಇಂದಿನ ಕನ್ನಡದ ‘ನಾವು’ ಸಹ ಈ ಭೇದವನ್ನು ತೋರಿಸದು. ಕನ್ನಡದ ಮೂಲಕ ಸಾಗಿದರೂ ಇದೇ ತಪ್ಪು ಸಂಭವಿಸುತ್ತಿತ್ತು. ಆದರೆ ಅಣ್ಣ–ತಮ್ಮ, ನೀನು–ನೀವು ಎಂಬ ಭೇದಗಳನ್ನು ಕನ್ನಡ ಉಳಿಸುತ್ತದೆ, ಇಂಗ್ಲಿಷ್ ಉಳಿಸದು. ನೇರ ಹಾದಿಯಲ್ಲಿಯೂ ಮುಳ್ಳುಗಳಿವೆ. ‘ಅವಸರ’ವೆಂದರೆ ಕನ್ನಡಿಗನಿಗೆ ಆತುರ; ಮಲಯಾಳಿಗೆ ‘ಅವಸರಂ’ ಎಂದರೆ ಅವಕಾಶ. ಒಂದೇ ರೂಪದ ಪದವನ್ನು ಕಂಡು ಮೋಸಹೋಗುವವನನ್ನು ಇಲ್ಲಿ ಇಂಗ್ಲಿಷ್ ನಿಘಂಟೇ ಕಾಪಾಡುತ್ತದೆ.

ಈ ತಪ್ಪನ್ನು ಪತ್ತೆಹಚ್ಚುವುದು ಹೇಗೆ? ಮಲಯಾಳವನ್ನು ಇಂಗ್ಲಿಷಿನೊಡನೆ ಹೋಲಿಸಿದರೆ ಪ್ರಯೋಜನವಿಲ್ಲ. ‘ಞಙ್ಙಳ್’ ಎಂದರೂ ‘ನಮ್ಮಳ್’ ಎಂದರೂ ಅದು ಇಂಗ್ಲಿಷಿಗೆ ಸರಿಯಾಗಿಯೇ ಹೊಂದುತ್ತದೆ. ಒಂದೇ ಭಾಗದಲ್ಲಿ, ಮಾತಾಡುವವರೂ ಕೇಳುವವರೂ ಬದಲಾಗದಿದ್ದರೂ ಈ ಪದಗಳು ಅತ್ತಿತ್ತ ಬದಲಾದರೆ, ಅಥವಾ ಮುಂದಿನ ವಾಕ್ಯದ ಕಾರಣವು ಹಿಂದಿನದಕ್ಕೆ ಕೂಡದಿದ್ದರೆ, ಸಂಶಯಪಡಬೇಕು. ಆಗ ಎರಡೂ ಭಾಷೆ ಬಲ್ಲವರೊಬ್ಬರು ತುಳು ಮೂಲವನ್ನೇ ತೆರೆದು ನೋಡಬೇಕು. ಅದಕ್ಕಿಂತ ಸುಲಭವಾದ ಉಪಾಯ ಮೊದಲ ಅನುವಾದಕನ ಕೈಯಲ್ಲಿದೆ: ಇಂಗ್ಲಿಷ್ ಪದದ ಬದಿಗೆ, ಕೇಳುವವನು ಸೇರಿದ್ದಾನೆಯೋ ಇಲ್ಲವೋ ಎಂಬ ಒಂದು ಗುರುತು. ಅಷ್ಟಿದ್ದರೆ ಎರಡನೆಯ ಅನುವಾದಕನು ಈ ಪದದಲ್ಲಿ ಊಹಿಸಬೇಕಾಗಿಲ್ಲ.