ಎರಡು ಪಟ್ಟು ಉದ್ದ, ಎಂಟು ಪಟ್ಟು ಭಾರ

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಬಂದವರು ಕಲ್ಲಿನ ಬಸವನ ಮುಂದೆ ನಿಲ್ಲುತ್ತಾರೆ. ಇಂಥ ಬಸವನನ್ನು ದೊಡ್ಡದಾಗಿ ಕಡೆಯಲು ಶಿಲ್ಪಿ ಮೊದಲು ಚಿಕ್ಕ ಮಾದರಿ ಮಾಡಿಕೊಂಡನೆನ್ನೋಣ: ಗ್ರಾನೈಟ್ ಕಲ್ಲು, ಒಂದು ಅಡಿ ಉದ್ದ, 10 ಕಿಲೋ ತೂಕ.

ಉದ್ದ ಎರಡು ಅಡಿಯಾದರೆ ಅಗಲ, ಎತ್ತರಗಳೂ ಎರಡು ಪಟ್ಟಾಗಬೇಕು. ಇಲ್ಲದಿದ್ದರೆ ಆಕಾರ ಕೆಡುತ್ತದೆ. 2×2×2 ಎಂದರೆ ಎಂಟು. ಬಸವ ತೂಗುವುದು 20 ಕಿಲೋ ಅಲ್ಲ, 80 ಕಿಲೋ. ಮೂರು ಅಡಿಗೆ 270 ಕಿಲೋ. ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವ ಸುಮಾರು 20 ಅಡಿ ಉದ್ದ. ನಮ್ಮ ಮಾದರಿಯನ್ನು ಅಷ್ಟಕ್ಕೆ ಹಿಗ್ಗಿಸಿದರೆ 8,000 ಪಟ್ಟು, ಅಂದರೆ 80 ಟನ್! ಕಡೆಯುವ ಮೊದಲಿನ ಬಂಡೆ ಇನ್ನೂ ಭಾರ. ಸಾಗಣೆಗೆ ಲೆಕ್ಕ ಹಾಕಬೇಕಾದದ್ದು ಆ ಬಂಡೆಯ ತೂಕವನ್ನೇ.

ನೆಲಕ್ಕೆ ತಾಗುವ ತಳದ ವಿಸ್ತೀರ್ಣ ಮಾತ್ರ ಇಷ್ಟು ವೇಗವಾಗಿ ಬೆಳೆಯುವುದಿಲ್ಲ. ಅದು 20×20, ಅಂದರೆ 400 ಪಟ್ಟು. 8,000 ಪಟ್ಟು ಭಾರ 400 ಪಟ್ಟು ಜಾಗದ ಮೇಲೆ ಕೂತಾಗ ಪ್ರತಿ ಚದರ ಅಂಗುಲದ ಮೇಲೂ ಒತ್ತಡ 20 ಪಟ್ಟು ಏರುತ್ತದೆ. ಮಾದರಿಯನ್ನು ಸುಲಭವಾಗಿ ಹೊತ್ತ ಮಣ್ಣು ಇಲ್ಲಿ ಕುಸಿಯಬಹುದು. ಪೀಠ ಓರೆಯಾಗುವುದು, ಕೆಳಗಿನ ಚಪ್ಪಡಿ ಬಿರಿಯುವುದು ಅದರ ಗುರುತು. ಹೊರಚಾಚಿದ ತೆಳು ಭಾಗಗಳಿಗೂ ಇದೇ ಕಷ್ಟ. ಕಲ್ಲು ಅದುಮುವ ಭಾರವನ್ನು ಚೆನ್ನಾಗಿ ತಡೆದರೂ ಬಾಗಿಸುವ ಭಾರಕ್ಕೆ ಬೇಗ ಮುರಿಯುತ್ತದೆ. ಕಾಲು ಮಡಿಚಿ, ಇಡೀ ಹೊಟ್ಟೆಯನ್ನು ಪೀಠಕ್ಕೆ ಊರಿ ಮಲಗಿದ ಬಸವನ ಭಂಗಿ ಭಾರ ಹೊರಲು ಅತ್ಯಂತ ಅನುಕೂಲವಾದದ್ದು.