ಇಂಗುಗುಂಡಿಯಲ್ಲಿ ನೀರು ಇಂಗುತ್ತಿಲ್ಲವೇ? ಮೊದಲು ಮೇಲಿನ ಮರಳು ನೋಡಿ

ಮಳೆ ನಿಂತು ಎರಡು ದಿನವಾದರೂ ಇಂಗುಗುಂಡಿಯಲ್ಲಿ ನೀರು ನಿಂತಿದ್ದರೆ, ಗುಂಡಿಯ ಆಳ ಸಾಲದು ಎಂದು ಹಲವರು ಭಾವಿಸುತ್ತಾರೆ. ಆದರೆ ಆಳ ಹೆಚ್ಚಿಸುವ ಮೊದಲು ಮೇಲ್ಭಾಗ ನೋಡಬೇಕು. ಚಾವಣಿಯ ಧೂಳು, ಎಲೆಚೂರು, ಹಕ್ಕಿಯ ಹಿಕ್ಕೆ ಮಳೆನೀರಿನೊಂದಿಗೆ ಬಂದು ಮರಳಿನ ಮೇಲೆ ಕೂರುತ್ತವೆ. ನುಣ್ಣನೆಯ ಹೂಳು ಮರಳಿನ ಸಂದುಗಳನ್ನು ಮುಚ್ಚುತ್ತದೆ. ಕೆಲವೇ ಸೆಂಟಿಮೀಟರ್ ದಪ್ಪದ ಈ ಪದರ ಇಡೀ ಗುಂಡಿಗೆ ಬಿರಡೆಯಾಗುತ್ತದೆ.

ಎಷ್ಟು ಕಟ್ಟಿಕೊಂಡಿದೆ ಎಂದು ಅಳೆದು ನೋಡಬಹುದು. ಕೊಳವೆಬಾವಿಯ ಸುತ್ತ 1 ಮೀಟರ್ ಅಗಲದ ಸಿಮೆಂಟ್ ರಿಂಗಿನ ಗುಂಡಿ ಇದೆ ಎಂದುಕೊಳ್ಳೋಣ. ಮರಳಿನ ಮೇಲೆ ನೀರು ನಿಲ್ಲುವಷ್ಟು ತುಂಬಿಸಿ, ಕೋಲಿನಲ್ಲಿ ಮಟ್ಟ ಗುರುತಿಸಿ. ಒಂದು ಗಂಟೆಯಲ್ಲಿ 10 ಸೆಂಟಿಮೀಟರ್ ಇಳಿದರೆ ಇಂಗಿದ್ದು ಸುಮಾರು 78 ಲೀಟರ್. ಆದರೆ 100 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಬರುವುದು ಸುಮಾರು 2,000 ಲೀಟರ್. ಅಷ್ಟು ಇಂಗಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಗುಂಡಿ ಉಕ್ಕಿ ಹರಿಯಬಹುದು.

ನೀರು ಇಳಿದ ಮೇಲೆ ಒಂದು ಮೂಲೆಯಲ್ಲಿ 10–15 ಸೆಂಟಿಮೀಟರ್ ಮರಳು ತೆಗೆದು ಅಲ್ಲಿ ಒಂದು ಬಕೆಟ್ ನೀರು ಸುರಿಯಿರಿ. ಸರ್ರನೆ ಇಳಿದರೆ ತೊಂದರೆ ಮೇಲ್ಪದರದ್ದೇ. ಆ ಮರಳನ್ನಷ್ಟೇ ತೆಗೆದು, ತೊಳೆದು ಅಥವಾ ಹೊಸದು ಹಾಕಿ, ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಹೂಳು ಕೆಳಗಿನ ಜಲ್ಲಿಗೆ, ಕೇಸಿಂಗ್ ಪೈಪಿಗೆ ಸುತ್ತಿದ ಜಾಲರಿಗೆ ತಲುಪಿರಬಹುದು, ಇಲ್ಲವೇ ತಳದಲ್ಲಿ ಜೇಡಿಮಣ್ಣಿರಬಹುದು. ಆಳದ ಗುಂಡಿಗೆ ಒಬ್ಬರೇ ಇಳಿಯಬೇಡಿ; ಗಾಳಿಯಾಡದ ಕಡೆ ಉಸಿರುಗಟ್ಟುವ ಅಪಾಯವಿದೆ.

ಇದಕ್ಕೆ ವಿರುದ್ಧವಾದ ಲಕ್ಷಣವನ್ನೂ ಗಮನಿಸಬೇಕು. ತುಂಬಿದ ನೀರು ಇದ್ದಕ್ಕಿದ್ದಂತೆ ಬಹಳ ಬೇಗ ಇಳಿಯತೊಡಗಿದರೆ ಖುಷಿಪಡುವ ಹಾಗಿಲ್ಲ. ಜಾಲರಿ ಹರಿದು, ಕೇಸಿಂಗಿನ ತೂತುಗಳ ಮೂಲಕ ಕೆಸರುನೀರು ನೇರ ಬಾವಿಗಿಳಿಯುತ್ತಿರಬಹುದು. ಹೂಳು ಬಂಡೆಯ ಬಿರುಕುಗಳನ್ನು ಮುಚ್ಚಿ ಇಳುವರಿ ಕುಗ್ಗಿಸುತ್ತದೆ, ಪಂಪನ್ನೂ ಸವೆಸುತ್ತದೆ. ಮಳೆಗೆ ಮುನ್ನ ಮತ್ತು ಮಳೆಯ ಮರುದಿನ ಪಂಪಿನ ನೀರನ್ನು ಒಂದೊಂದು ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಇಡಿ. ಎರಡನೆಯದರ ತಳದಲ್ಲಿ ಮಾತ್ರ ಹೂಳು ಕಂಡರೆ ಚಾವಣಿಯ ಪೈಪನ್ನು ಗುಂಡಿಯಿಂದ ತಪ್ಪಿಸಿ, ಜಾಲರಿ ಬದಲಿಸಿ. ಬಾವಿಯೊಳಗೆ ಕೂತ ಹೂಳನ್ನು ಕಂಪ್ರೆಸರ್‌ನಿಂದ ಫ್ಲಶಿಂಗ್ ಮಾಡುವವರೇ ತೆಗೆಯಬೇಕು.

ಕರ್ನಾಟಕದಲ್ಲಿ ಏಪ್ರಿಲ್–ಮೇ ತಿಂಗಳಲ್ಲೇ ಮುಂಗಾರುಪೂರ್ವ ಮಳೆ ಸುರಿಯುವುದರಿಂದ ಈ ಕೆಲಸ ಮಾರ್ಚ್‌ನಲ್ಲೇ ಮುಗಿದಿರಲಿ. ಚಾವಣಿ ಗುಡಿಸಿ. ಬೇಸಿಗೆಯ ಧೂಳು ಹೊತ್ತು ತರುವ ಮೊದಲ 2 ಮಿಲಿಮೀಟರ್ ಮಳೆಯನ್ನು, ಅಂದರೆ ನಮ್ಮ ಉದಾಹರಣೆಯ ಚಾವಣಿಯಲ್ಲಿ 200 ಲೀಟರನ್ನು, ಹೊರಬಿಡುವ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಆ ನೀರು ಗುಂಡಿಗೆ ಹೋಗದಿದ್ದರೆ ಮರಳು ಬೇಗ ಕಟ್ಟಿಕೊಳ್ಳುವುದಿಲ್ಲ.